ಎದುರುಗಾಳಿ 10 ಕಿ.ಮೀ., ಏರು 3 ಕಿ.ಮೀ., ಮತ್ತೆ ವಾಪಸ್: ಟೈಮ್ ಟ್ರಯಲ್‌ನಲ್ಲಿ ಎಲ್ಲಿ ಎಷ್ಟು ವ್ಯಾಟ್ ತುಳಿಯಬೇಕು?

ಕೋಲಾರದ_ಗಾಲಿ

ಎಲ್ಲರಿಗೂ ನಮಸ್ಕಾರ. ನಮ್ಮ ಕಡೆ ಗೆಳೆಯರೆಲ್ಲ ಸೇರಿ ವರ್ಷಕ್ಕೆರಡು ಸಲ ಟೈಮ್ ಟ್ರಯಲ್ ಮಾಡಿಕೊಳ್ಳುತ್ತೇವೆ. ಒಟ್ಟು 26 ಕಿ.ಮೀ. ಮೊದಲ 10 ಕಿ.ಮೀ. ಹೆಚ್ಚುಕಡಿಮೆ ಸಪಾಟು, ಪಶ್ಚಿಮಕ್ಕೆ ಹೋಗುತ್ತದೆ. ಜೂನ್ ತಿಂಗಳು ಅಂದರೆ ಗಾಳಿ ನೇರ ಮುಖಕ್ಕೇ. ಆಮೇಲೆ 3 ಕಿ.ಮೀ. ಏರು, ಸುಮಾರು 5 ಪರ್ಸೆಂಟ್. ಮೇಲೆ ಒಂದು ಕಟ್ಟೆ ಇದೆ, ಅದನ್ನು ಸುತ್ತಿಕೊಂಡು ಬಂದ ದಾರಿಯಲ್ಲೇ ವಾಪಸ್.

ನನ್ನ ತೂಕ 70 ಕೆ.ಜಿ. ಸೈಕಲ್, ನೀರು, ಬಟ್ಟೆ, ಹೆಲ್ಮೆಟ್ ಎಲ್ಲ ಸೇರಿ 80 ಅಂದುಕೊಳ್ಳಿ. ಎಫ್‌ಟಿಪಿ, ಅಂದರೆ ಸುಮಾರು ಒಂದು ಗಂಟೆ ಎಳೆಯಬಲ್ಲ ವ್ಯಾಟ್, 230. ಸಾದಾ ರೋಡ್ ಬೈಕಿಗೆ ಕ್ಲಿಪ್ ಮಾಡುವ ಏರೋಬಾರ್ ಹಾಕಿದ್ದೇನೆ.

ಹೋದ ಸಲ ಆಗಿದ್ದು ಹೀಗೆ. ಎದುರುಗಾಳಿಯಲ್ಲಿ ಸರಾಸರಿ 232 ವ್ಯಾಟ್, 19:03. ಏರು ಶುರುವಾದಾಗ ಮುಂದೆ ಒಬ್ಬ ಕಂಡ, ಬಿಡಬಾರದು ಅಂತ ಮೊದಲ ಕಿಲೋಮೀಟರ್ 280 ತುಳಿದೆ. ಮೂರು ನಿಮಿಷ ಅಷ್ಟೇ. ಆಮೇಲೆ ಕಾಲು ಕಬ್ಬಿಣ. ಉಳಿದ ಏರು 215ರಲ್ಲಿ ಎಳೆದೆ. ಏರು ಒಟ್ಟು 10:27. ಇಳಿಜಾರಿನಲ್ಲಿ ನಷ್ಟ ತುಂಬಿಸೋಣ ಅಂತ 180 ತುಳಿದೆ, 3:05. ವಾಪಸ್ ಸಪಾಟಿನಲ್ಲಿ 190ಕ್ಕಿಂತ ಮೇಲೆ ಏಳಲೇ ಇಲ್ಲ, 14:17. ಒಟ್ಟು 46:52.

ಇನ್ನು ಮೂರು ವಾರಕ್ಕೆ ಮತ್ತೆ ಅದೇ ರಸ್ತೆ. ಈ ಸಲ ಒಂದೊಂದು ಭಾಗಕ್ಕೂ ವ್ಯಾಟ್ ಮೊದಲೇ ಬರೆದಿಟ್ಟುಕೊಂಡು ಹೋಗಬೇಕು ಅಂತಿದ್ದೇನೆ. ಹೇಗೆ ಲೆಕ್ಕ ಹಾಕೋದು?

ಸೀದಾ_ಸವಾರ

ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಡಿ. ಎಫ್‌ಟಿಪಿಗಿಂತ ಸ್ವಲ್ಪ ಕೆಳಗೆ, 220 ಇಟ್ಟುಕೊಂಡು ಮೊದಲಿಂದ ಕೊನೆತನಕ ಒಂದೇ ಸಮ ತುಳಿಯಿರಿ. ಏರು ಬರಲಿ, ಗಾಳಿ ಬರಲಿ, 220. ಟೈಮ್ ಟ್ರಯಲ್ ಅಂದರೆ ಅದೇ.

ಗೇರ್_ಗಿರಿ

ಸೀದಾ ಅವರೇ, ಅದು ಕಿಟಕಿ ಬಾಗಿಲು ಮುಚ್ಚಿದ ಟ್ರೇನರ್ ಮೇಲೆ ಸರಿ. ರಸ್ತೆಯಲ್ಲಿ ನಿಧಾನ ಇರುವ ಕಡೆ ಜಾಸ್ತಿ, ವೇಗ ಇರುವ ಕಡೆ ಕಡಿಮೆ ತುಳಿಯಬೇಕು. ಎದುರುಗಾಳಿ ಅಂದರೂ ಏರೇ ತಾನೇ, ಕಣ್ಣಿಗೆ ಕಾಣದ ಏರು. ಹಾಗಾಗಿ ಎರಡಕ್ಕೂ ಶೇಕಡಾ 10 ಜಾಸ್ತಿ ಹಾಕಿ, 250. ಬರುವಾಗ ಬೆನ್ನಿಗೆ ಗಾಳಿ, 170ರಲ್ಲಿ ಆರಾಮಾಗಿ ಬನ್ನಿ.

ಟಿಟಿ_ತಾತ

ಗಿರಿ ಹೇಳಿದ ದಿಕ್ಕು ಸರಿ, ಅಳತೆ ತಪ್ಪು. ಅವರ ಮಾತು ಕೇಳಿ 10 ಕಿ.ಮೀ. ಎದುರುಗಾಳಿಯಲ್ಲಿ 250 ತುಳಿದರೆ ಏರಿನ ಬುಡದಲ್ಲೇ ಕುಳಿತು ಎಳನೀರು ಕುಡಿಯಬೇಕಾಗುತ್ತದೆ.

ನಾನು ನಿಮ್ಮ ರಸ್ತೆಯ ಲೆಕ್ಕ ಹಾಕಿ ನೋಡಿದೆ. ನಿಮ್ಮ ಭಂಗಿಗೆ ಗಾಳಿಯ ತಡೆ, ಅಂದರೆ ಸಿಡಿಎ, 0.30 ಅಂದುಕೊಂಡೆ. ಏರಿನಲ್ಲಿ ಸ್ವಲ್ಪ ಎದ್ದು ಕೂರುತ್ತೀರಿ, ಅಲ್ಲಿ 0.35. ಕೋಲಾರದ ಎತ್ತರಕ್ಕೆ ಗಾಳಿಯ ಸಾಂದ್ರತೆ 1.06. ಸೈಕಲ್ ಮಟ್ಟದಲ್ಲಿ ಗಾಳಿ ಸೆಕೆಂಡಿಗೆ 3 ಮೀಟರ್, ಏರಿನಲ್ಲಿ ಗುಡ್ಡದ ಮರೆ. ಸೂತ್ರ ಇದು, ಹಾಳೆಯ ಮೇಲೇ ಮಾಡಬಹುದು:

```
P × 0.975 = v × (m·g·(Crr + s) + 0.5·ρ·CdA·(v + w)²)
```

`P` ನೀವು ತುಳಿಯುವ ವ್ಯಾಟ್, `m` ಒಟ್ಟು ತೂಕ 80, `g` 9.81, `ρ` ಗಾಳಿಯ ಸಾಂದ್ರತೆ, `CdA` ಆ ಸಿಡಿಎ, `v` ಸೆಕೆಂಡಿಗೆ ಮೀಟರ್ ಲೆಕ್ಕದಲ್ಲಿ ನಿಮ್ಮ ವೇಗ, `w` ಎದುರುಗಾಳಿ (ಬೆನ್ನ ಗಾಳಿಯಾದರೆ ಮೈನಸ್), `s` ಏರು, ಅಂದರೆ 0.05, ಇಳಿಜಾರಾದರೆ ಮೈನಸ್, ಸಪಾಟಾದರೆ ಸೊನ್ನೆ. ಟೈರ್ ಉಜ್ಜಾಟಕ್ಕೆ `Crr` 0.005 ಹಾಕಿದೆ. ಚೈನಿನಲ್ಲಿ ಹೋಗುವ ಎರಡೂವರೆ ಪರ್ಸೆಂಟ್‌ಗೆ ಆ 0.975.

ಇದರಲ್ಲಿ ನೋಡಬೇಕಾದ್ದು ಒಟ್ಟು ಸಮಯವಲ್ಲ. ಒಂದು ಕಿಲೋಜೂಲ್ ಶಕ್ತಿ ಜಾಸ್ತಿ ಖರ್ಚು ಮಾಡಿದರೆ ಎಷ್ಟು ಸೆಕೆಂಡ್ ವಾಪಸ್ ಬರುತ್ತದೆ ಅನ್ನೋದು. ನಿಮ್ಮ ಏರಿನಲ್ಲಿ ಹೆಚ್ಚುಕಡಿಮೆ 4 ಸೆಕೆಂಡ್ ಬರುತ್ತದೆ. ಎದುರುಗಾಳಿಯಲ್ಲಿ 2. ಬೆನ್ನ ಗಾಳಿಯಲ್ಲಿ ಒಂದೂವರೆ. ಇಳಿಜಾರಿನಲ್ಲಿ ಅರ್ಧ ಸೆಕೆಂಡ್ ಬಂದರೆ ಪುಣ್ಯ.

ಏರಿನಲ್ಲಿ ನಿಮ್ಮ ಶಕ್ತಿಯೆಲ್ಲ ಭಾರ ಎತ್ತುವುದಕ್ಕೆ ಹೋಗುತ್ತದೆ. ಅಲ್ಲಿ ವ್ಯಾಟ್ ಶೇಕಡಾ 10 ಏರಿಸಿದರೆ ವೇಗವೂ ಹತ್ತಿರ ಹತ್ತಿರ ಅಷ್ಟೇ ಏರುತ್ತದೆ. ಗಾಳಿ ಹಾಗಲ್ಲ. ನೀವು ಜೋರಾದಷ್ಟೂ ಅದೂ ಜೋರಾಗುತ್ತದೆ, ಹಾಕಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಅದೇ ತಿನ್ನುತ್ತದೆ. ಎದುರುಗಾಳಿ ಕಣ್ಣಿಗೆ ಕಾಣದ ಏರು ಅನ್ನೋ ಮಾತು ಕೇಳಲು ಚೆನ್ನಾಗಿದೆ. ಆದರೆ ಕಾಲಿಗೆ ಅದು ಏರಿನ ಹಾಗೆ ಅನ್ನಿಸುತ್ತದೆಯೇ ಹೊರತು ಲೆಕ್ಕದಲ್ಲಿ ಏರಿನ ಹಾಗೆ ಕೊಡುವುದಿಲ್ಲ.

ಸೀದಾ_ಸವಾರ

ಸರಿ ತಾತ, ಆದರೆ ನನ್ನ 220ಕ್ಕೆ ಎಷ್ಟು ಬರುತ್ತದೆ ಅಂತ ಹೇಳಲಿಲ್ಲ.

ಟಿಟಿ_ತಾತ

46:58.

ಸೀದಾ_ಸವಾರ

ಏನು? ಅವರು ಹೋದ ಸಲ ಸತ್ತು ಸುಣ್ಣವಾಗಿ ಬಂದಿದ್ದೇ 46:52 ಅಲ್ವಾ?

ಟಿಟಿ_ತಾತ

ಅದೇ ತಮಾಷೆ. ಅವರ ಹೋದ ಸಲದ ಸರಾಸರಿ 216 ಬರುತ್ತದೆ, ನಿಮ್ಮ 220ಕ್ಕಿಂತ ಕಡಿಮೆ. ಆದರೂ 6 ಸೆಕೆಂಡ್ ಬೇಗ. ಏರಿನ ಸರಾಸರಿ 234 ಇತ್ತು, ಎದುರುಗಾಳಿಯಲ್ಲೂ ಜಾಸ್ತಿ ಇತ್ತು, ಅದಕ್ಕೆ. ಇಳಿಜಾರಿನಲ್ಲಿ 220 ತುಳಿಯೋದು ಮಾತ್ರ ನೀರಿಗೆ ಹಾಕಿದ ಹಾಗೆ. 220 ತುಳಿದರೆ ಆ 3 ಕಿ.ಮೀ.ಗೆ 2:53. 120 ತುಳಿದರೆ 3:04. ನೂರು ವ್ಯಾಟ್ ಕೊಟ್ಟು ಹನ್ನೊಂದು ಸೆಕೆಂಡ್ ಕೊಂಡುಕೊಳ್ಳೋದು ನನಗಂತೂ ದುಬಾರಿ.

ಕಟ್ಟೆ ಸುತ್ತೋದು, ಹೊರಡುವಾಗಿನ ಎಳೆತ ಇವು ನನ್ನ ಲೆಕ್ಕದಲ್ಲಿ ಇಲ್ಲ. ಹತ್ತು ಸೆಕೆಂಡ್ ಆಚೀಚೆ ಆಗಬಹುದು.

ನಂದಿ_ಪ್ರತಿ_ಭಾನುವಾರ

ನಂದಿ ಬೆಟ್ಟಕ್ಕೆ ಯಾವ ವ್ಯಾಟ್ ಸರಿ ಅಂತ ಯಾರಾದರೂ ಹೇಳ್ತೀರಾ? ನಾನು ಕೆಳಗಿಂದಲೇ ಪೂರ್ತಿ ಹಾಕಿಬಿಡುತ್ತೇನೆ, ಕೊನೆಯ ತಿರುವುಗಳಲ್ಲಿ ನಡೆದುಕೊಂಡು ಹೋಗೋ ಸ್ಥಿತಿ. ಪವರ್ ಮೀಟರ್ ಇಲ್ಲ, ಹಾರ್ಟ್ ರೇಟ್ ಬೆಲ್ಟ್ ಇದೆ.

ಕೋಲಾರದ_ಗಾಲಿ

ಗುರು, ಇಲ್ಲಿ ಕೇಳ್ತಿರೋದು ನಂದಿಯದ್ದಲ್ಲ. ಹೋಗೋದು, ಏರೋದು, ವಾಪಸ್ ಬರೋದು ಮೂರೂ ಇದೆ.

ಬೆಟ್ಟದ_ಹುಡುಗಿ

ಪಾಪ ಬಿಡಿ, ಅವರಿಗೂ ಒಂದು ಮಾತು. ಬರೀ ಏರು ಅಂದರೆ ಒಂದೇ ಸಮ ಹೋಗೋದೇ ವಾಸಿ, ಕಡಿದಾದ ತಿರುವಿನಲ್ಲಿ ಒಂಚೂರು ಜಾಸ್ತಿ. ಹಾರ್ಟ್ ರೇಟ್ ನಂಬಿಕೊಂಡರೆ ಮೊದಲ ಎರಡು ಮೂರು ನಿಮಿಷ ಮೋಸ ಹೋಗುತ್ತೀರಿ. ಕಾಲು ಆಗಲೇ ಮಿತಿ ಮೀರಿರುತ್ತದೆ, ಎದೆಬಡಿತ ಇನ್ನೂ ಮೆಟ್ಟಿಲು ಹತ್ತುತ್ತಾ ಇರುತ್ತದೆ. ಅಷ್ಟು ಹೊತ್ತು ಉಸಿರು ನೋಡಿ. ಒಂದು ವಾಕ್ಯ ಪೂರ್ತಿ ಹೇಳಲು ಆಗದಿದ್ದರೆ ಜಾಸ್ತಿ ಆಯಿತು ಅಂತ ಅರ್ಥ.

ಕೋಲಾರದವರಿಗೆ ನನ್ನದೊಂದು ಪ್ರಶ್ನೆ. ಗಾಳಿ ಸೆಕೆಂಡಿಗೆ 3 ಮೀಟರ್ ಅಂತ ತಾತ ಎಲ್ಲಿಂದ ತಂದರು? ನಾನು ಫೋನಿನಲ್ಲಿ ನೋಡಿದರೆ ಅಲ್ಲಿ ಜೂನ್ ಬೆಳಗ್ಗೆ ಗಂಟೆಗೆ 18 ಕಿ.ಮೀ. ತೋರಿಸುತ್ತಿದೆ. ಅದು ಸೆಕೆಂಡಿಗೆ 5 ಆಗುತ್ತದೆ.

ಟಿಟಿ_ತಾತ

ಮೇಡಂ, ಒಳ್ಳೆ ಕಡೆ ಹಿಡಿದಿರಿ. ಹವಾಮಾನದವರು ಹೇಳುವ ಗಾಳಿ ನೆಲದಿಂದ 10 ಮೀಟರ್ ಮೇಲಿನದು. ನಮ್ಮ ಎದೆ ಇರೋದು ಒಂದು ಮೀಟರ್ ಚಿಲ್ಲರೆ ಎತ್ತರದಲ್ಲಿ. ಬೇಲಿ, ಗಿಡ, ಮನೆ, ನೆಲ ಎಲ್ಲ ಗಾಳಿಯನ್ನು ಹಿಡಿಯುತ್ತವೆ. ನಾನು ಬಯಲಾದರೆ ಮೂರನೇ ಎರಡು ಪಾಲು, ನೀಲಗಿರಿ ತೋಪು ಇದ್ದರೆ ಅರ್ಧ ಹಿಡಿಯುತ್ತೇನೆ. ಇದು ನನ್ನ ಅಂದಾಜು, ನಿಮ್ಮ ರಸ್ತೆಗೆ ನೀವೇ ನೋಡಿಕೊಳ್ಳಬೇಕು.

ಬೆಟ್ಟದ_ಹುಡುಗಿ

ಹಾಗಾದರೆ ನೋಡುವ ದಾರಿ ಇದೆ. ಕೋಲಾರದವರೇ, ಈ ಮೂರು ವಾರದಲ್ಲಿ ಒಂದು ದಿನ ಸ್ಪರ್ಧೆಯ ಹೊತ್ತಿಗೇ ಹೋಗಿ, ಆ 10 ಕಿ.ಮೀ. 180 ವ್ಯಾಟ್‌ನಲ್ಲಿ ಹೋಗಿ ಬನ್ನಿ. ಹೋಗುವಾಗಿನ ವೇಗ, ಬರುವಾಗಿನ ವೇಗ ಎರಡೂ ಸಿಗುತ್ತವೆ. ತಾತನ ಸೂತ್ರಕ್ಕೆ ಹಾಕಿ ಗಾಳಿಯನ್ನು ಬದಲಿಸುತ್ತಾ ಹೋದರೆ ಎರಡೂ ಕಡೆ ಕೂಡಿಬರುವ ಒಂದು ಅಂಕೆ ಸಿಗುತ್ತದೆ. ಹೊತ್ತು ಮಾತ್ರ ಅದೇ ಇರಬೇಕು. ಆರು ಗಂಟೆಗೆ ಎಲೆ ಅಲ್ಲಾಡದ ರಸ್ತೆಯಲ್ಲಿ ಎಂಟೂವರೆಗೆ ಟೋಪಿ ಹಾರುತ್ತದೆ.

ಇನ್ನೊಂದು ಮಾತು. ಇದನ್ನೆಲ್ಲ ಓದಿ ಯಾರೂ ವ್ಯಾಟ್ ನಕಲು ಮಾಡಬೇಡಿ. ನಾನು 52 ಕೆ.ಜಿ., ಎಫ್‌ಟಿಪಿ 165. ಇದೇ ರಸ್ತೆಯ ಏರು ನನಗೂ 11 ನಿಮಿಷದ ಒಳಗೇ ಮುಗಿಯಬಹುದು. ಆದರೆ ಎದುರುಗಾಳಿಗೆ ನನ್ನ ಹಗುರ ಮೈಯ ಲಾಭ ಇಲ್ಲ, ಅಲ್ಲಿ ನಾನು ಇಪ್ಪತ್ತು ಇಪ್ಪತ್ತೊಂದು ನಿಮಿಷ ಇರುತ್ತೇನೆ. ಹಾಗಾಗಿ ನನ್ನ ಹಂಚಿಕೆಯೇ ಬೇರೆ.

ಕೋಲಾರದ_ಗಾಲಿ

ಧನ್ಯವಾದ ಮೇಡಂ. ತಾತ, ಏರಿಗೆ ಜಾಸ್ತಿ ಹಾಕಬೇಕು ಅಂತ ಒಪ್ಪಿದೆ. ಆದರೆ ಎಷ್ಟು? ಹೋದ ಸಲ 280 ಹಾಕಿದ್ದಕ್ಕೇ ತಾನೇ ಸತ್ತಿದ್ದು.

ಟಿಟಿ_ತಾತ

ನಿಮ್ಮ 3 ನಿಮಿಷದ ಮತ್ತು 12 ನಿಮಿಷದ ಅತ್ಯುತ್ತಮ ವ್ಯಾಟ್ ಎಷ್ಟು? ಈ ಎರಡು ತಿಂಗಳದ್ದು, ಹಳೆಯದ್ದು ಬೇಡ.

ಕೋಲಾರದ_ಗಾಲಿ

3 ನಿಮಿಷ 313. 12 ನಿಮಿಷ 251.

ಟಿಟಿ_ತಾತ

ಸರಿ. 313 ಅನ್ನು 180 ಸೆಕೆಂಡಿಗೆ ಗುಣಿಸಿದರೆ 56 ಕಿಲೋಜೂಲ್ ಚಿಲ್ಲರೆ. 251 ಅನ್ನು 720ಕ್ಕೆ ಗುಣಿಸಿದರೆ 181ರ ಹತ್ತಿರ. ವ್ಯತ್ಯಾಸ ಸುಮಾರು 124. ಅದನ್ನು 540 ಸೆಕೆಂಡಿಗೆ ಹಂಚಿದರೆ 230. ನಿಮ್ಮ ಎಫ್‌ಟಿಪಿ ಸುಳ್ಳಲ್ಲ. ಈಗ 3 ನಿಮಿಷಕ್ಕೆ 230ರ ಪಾಲು ಕಳೆದರೆ ಉಳಿಯೋದು 15 ಕಿಲೋಜೂಲ್. 230ರ ಮೇಲೆ ತುಳಿಯೋದಕ್ಕೆ ನಿಮ್ಮ ಹತ್ತಿರ ಇರೋ ಬಿಂದಿಗೆ ಅಷ್ಟೇ. 230ರ ಮೇಲೆ ಹೋದಾಗ ಖಾಲಿಯಾಗುತ್ತದೆ, ಕೆಳಗೆ ಬಂದಾಗ ನಿಧಾನಕ್ಕೆ ತುಂಬುತ್ತದೆ. ತುಂಬೋದು ಖಾಲಿಯಾದಷ್ಟು ಬೇಗ ಅಲ್ಲ.

ಹೋದ ಸಲ ಏನಾಯಿತು ನೋಡಿ. ಎದುರುಗಾಳಿಯಲ್ಲಿ 232, ಅಂದರೆ ಹೆಚ್ಚಿನ 2 ವ್ಯಾಟ್ 19 ನಿಮಿಷ. ಎರಡು ಕಿಲೋಜೂಲ್ ಹೋಯಿತು. ಹೊರಡುವಾಗ ಉತ್ಸಾಹದಲ್ಲಿ ಇನ್ನಷ್ಟು ಚೆಲ್ಲಿರುತ್ತೀರಿ. ಆಮೇಲೆ 280ರಲ್ಲಿ 3 ನಿಮಿಷ, 50 ಗುಣಿಸು 180, ಒಂಬತ್ತು ಕಿಲೋಜೂಲ್. ಏರಿನ ಮೂರರಲ್ಲಿ ಒಂದು ಪಾಲು ಮುಗಿಯುವಾಗ ಬಿಂದಿಗೆ ತಳ ಕಂಡಿತು.

ಅದೇ ಒಂಬತ್ತು ಕಿಲೋಜೂಲನ್ನು ಏರಿನುದ್ದಕ್ಕೂ ಹಂಚಿದರೆ? 15 ವ್ಯಾಟ್, 10 ನಿಮಿಷ. ಅಂದರೆ 245. ಆ ವ್ಯಾಟ್‌ಗೆ ನಿಮ್ಮ ಏರು ಲೆಕ್ಕದ ಪ್ರಕಾರ ಸರಿಯಾಗಿ 10:00. ಖರ್ಚು ಅಷ್ಟೇ, 27 ಸೆಕೆಂಡ್ ಬೇಗ, ಮೇಲೆ ಬಂದಾಗ ಬಿಂದಿಗೆಯಲ್ಲಿ ಇನ್ನೂ ನೀರಿರುತ್ತದೆ.

ಎದುರುಗಾಳಿಗೆ 225. 230ರ ಕೆಳಗೇ ಇರಲಿ, ಏಕೆಂದರೆ ಅದು ಹತ್ತೊಂಬತ್ತು ನಿಮಿಷದ ಕೆಲಸ. ಇಳಿಜಾರಿಗೆ 120, ವಾಪಸಿಗೆ 212. ಒಟ್ಟು 46:09 ಬರುತ್ತದೆ. ಸರಾಸರಿ 218 ಮಾತ್ರ.

ಗೇರ್_ಗಿರಿ

ಎದುರುಗಾಳಿಗೆ 225, ಬೆನ್ನ ಗಾಳಿಗೆ 212. ಇಷ್ಟೇನಾ ವ್ಯತ್ಯಾಸ? ನಾನು ಇನ್ನೂ ಜಾಸ್ತಿ ಅಂದುಕೊಂಡಿದ್ದೆ.

ಟಿಟಿ_ತಾತ

ಇಷ್ಟೇ. ಗಾಳಿಗೆ 2 ಸೆಕೆಂಡ್, ಬೆನ್ನ ಗಾಳಿಗೆ ಒಂದೂವರೆ ಅಂದೆನಲ್ಲ, ಅಂತರ ಚಿಕ್ಕದು. ನೀವು ಹೇಳಿದ 170ರಲ್ಲಿ ಬಂದರೆ ಗಂಟೆಗೆ 40 ಕಿ.ಮೀ. ಹೋಗುತ್ತಾ ಖುಷಿಯಾಗಿರುತ್ತೀರಿ, ಆದರೆ ಒಂದು ನಿಮಿಷದಷ್ಟು ರಸ್ತೆಯಲ್ಲೇ ಬಿಟ್ಟು ಬಂದಿರುತ್ತೀರಿ. ವೇಗ ನೋಡಿ ಸಮಾಧಾನ ಆಗೋದೇ ಬೆನ್ನ ಗಾಳಿಯ ಮೋಸ.

ಮಳೆಗಾಲದ_ಚೈನು

ನಾನು ಮಂಗಳೂರು ಕಡೆಯವ, ಇಲ್ಲಿ ಸಪಾಟು ರಸ್ತೆ ಹುಡುಕುವುದೇ ಕಷ್ಟ. ನನ್ನ ಅನುಭವ ಒಂದು ಹೇಳುತ್ತೇನೆ, ಪ್ರಯೋಜನ ಆದರೆ ಆಗಲಿ. ಹೋದ ವರ್ಷ ಹೀಗೇ ಚೀಟಿ ಬರೆದುಕೊಂಡು ಹೋಗಿದ್ದೆ. ಬೆಳಗ್ಗೆ ಕೋಣೆಯೊಳಗೆ ಎಸಿ ಇತ್ತು, ಸೈಕಲ್ ಅಲ್ಲೇ ಇಟ್ಟಿದ್ದೆ, ಪವರ್ ಮೀಟರ್ ಅಲ್ಲೇ ಸೊನ್ನೆ ಮಾಡಿದೆ. ಹೊರಗೆ ಬಂದರೆ ಸೆಖೆ. ಮೀಟರ್ 12 ವ್ಯಾಟ್‌ನಷ್ಟು ಕಡಿಮೆ ತೋರಿಸುತ್ತಿತ್ತು ಅಂತ ಮನೆಗೆ ಬಂದು ಟ್ರೇನರ್ ಜೊತೆ ಹೋಲಿಸಿದಾಗ ಗೊತ್ತಾಯಿತು. ಚೀಟಿ ಹೇಳಿದಷ್ಟು ತುಳಿಯುತ್ತಿದ್ದೇನೆ ಅಂದುಕೊಂಡು ಅದಕ್ಕಿಂತ ಜಾಸ್ತಿ ತುಳಿದು ಅರ್ಧ ದಾರಿಯಲ್ಲಿ ಕುಸಿದೆ. ಸೈಕಲನ್ನು ಹೊರಗಿಟ್ಟು ಹದಿನೈದು ಇಪ್ಪತ್ತು ನಿಮಿಷ ಬಿಟ್ಟು, ವಾರ್ಮ್ ಅಪ್ ಆದಮೇಲೆ ಸೊನ್ನೆ ಮಾಡಿ.

ನನ್ನದು ಎಡಗಾಲಿನ ಕ್ರ್ಯಾಂಕ್ ಮಾತ್ರ ಅಳೆಯುವ ಮೀಟರ್. ಅದನ್ನೇ ಎರಡರಿಂದ ಗುಣಿಸಿ ತೋರಿಸುತ್ತದೆ. ಇದರಿಂದ ಲೆಕ್ಕ ತಪ್ಪುತ್ತಾ ತಾತ?

ಟಿಟಿ_ತಾತ

ಎಫ್‌ಟಿಪಿ ಅದೇ ಮೀಟರ್‌ನಲ್ಲಿ ನೋಡಿಕೊಂಡಿದ್ದರೆ ದೊಡ್ಡ ತೊಂದರೆ ಇಲ್ಲ. ಆದರೆ ಸುಸ್ತಾದಾಗ ಕೆಲವರ ಎಡ ಬಲ ಪಾಲು ಬದಲಾಗುತ್ತದೆ. ಕೊನೆಯ 5 ಕಿ.ಮೀ.ನಲ್ಲಿ ಅಂಕೆಯನ್ನು ಕಣ್ಣುಮುಚ್ಚಿ ನಂಬಬೇಡಿ.

ಕೋಲಾರದ_ಗಾಲಿ

ಕೈಯಲ್ಲಿ ಚೀಟಿ ಇದ್ದರೂ ಓಡಿಸುವಾಗ ಏನು ನೋಡಬೇಕು? ನನ್ನ ಸ್ಕ್ರೀನಿನಲ್ಲಿ ಪವರ್ ಕುಣಿಯುತ್ತಲೇ ಇರುತ್ತದೆ. 190, 260, 215.

ಟಿಟಿ_ತಾತ

ಎರಡೇ ಅಂಕೆ ಇಟ್ಟುಕೊಳ್ಳಿ. ಒಂದು 10 ಸೆಕೆಂಡಿನ ಸರಾಸರಿ, ಇನ್ನೊಂದು ಲ್ಯಾಪ್ ಸರಾಸರಿ. ಒಂದೊಂದು ಭಾಗ ಶುರುವಾದಾಗ ಲ್ಯಾಪ್ ಬಟನ್ ಒತ್ತಿ. ಮೊದಲೇ ಗುರುತು ಹಿಡಿದಿಟ್ಟುಕೊಳ್ಳಿ: ಏರಿನ ಬುಡದ ಸೇತುವೆ, ಮೇಲಿನ ಕಟ್ಟೆ, ಕೆಳಗಿನ ಮೈಲಿಗಲ್ಲು.

ಲ್ಯಾಪ್ ಸರಾಸರಿಯಲ್ಲಿ ಒಂದು ಗುಂಡಿ ಇದೆ, ಎಷ್ಟೋ ಜನ ಬಿದ್ದಿದ್ದಾರೆ. ಹೊರಟ ಮೊದಲ ನಿಮಿಷ 300 ತುಳಿದಿದ್ದೀರಿ, ಸರಾಸರಿ ಮೇಲಿದೆ. ಅದನ್ನು 225ಕ್ಕೆ ಇಳಿಸಬೇಕು ಅಂತ ಆಮೇಲೆ 200 ತುಳಿಯಬೇಡಿ. ಚೆಲ್ಲಿದ್ದು ಚೆಲ್ಲಿತು. ತಿರುಗಿ 225ಕ್ಕೇ ಬನ್ನಿ. ಉಲ್ಟಾನೂ ಹಾಗೇ, ಯಾವುದೋ ಲಾರಿ ಹಿಂದೆ ಸಿಕ್ಕಿಕೊಂಡು ಸರಾಸರಿ ಬಿದ್ದರೆ ತುಂಬಿಸೋಕೆ ಹೋಗಬೇಡಿ.

ಏರಿನ ಮೊದಲ ನಿಮಿಷವೇ ಪರೀಕ್ಷೆ. 245 ಅಲ್ಲಿ ಸುಲಭ ಅನ್ನಿಸುತ್ತದೆ. ಸುಲಭ ಅನ್ನಿಸದಿದ್ದರೆ ಎದುರುಗಾಳಿಯಲ್ಲಿ ಜಾಸ್ತಿ ಆಗಿದೆ ಅಂತ ಅರ್ಥ, 238ಕ್ಕೆ ಇಳಿಸಿ.

ಕಟ್ಟೆ ಸುತ್ತಿದ ತಕ್ಷಣ ಮಾತ್ರ 120ರ ಮಾತು ಮರೆತುಬಿಡಿ. ವೇಗ ಪೂರ್ತಿ ಸತ್ತಿರುತ್ತದೆ, ಅಲ್ಲಿ ಹದಿನೈದು ಇಪ್ಪತ್ತು ಸೆಕೆಂಡ್ ಎದ್ದು ತುಳಿದರೆ ಬೆಲೆ ಇದೆ. ಗಂಟೆಗೆ 45 ದಾಟಿದ ಮೇಲೆ ತಲೆ ತಗ್ಗಿಸಿ ಕುಳಿತುಕೊಳ್ಳಿ.

ಗೇರ್_ಗಿರಿ

ಇಳಿಜಾರಿನಲ್ಲಿ ತುಳಿಯೋದೇ ಯಾಕೆ? ಮೈ ಮಡಚಿ ಸಿಡಿಎ 0.25ಕ್ಕೆ ತಂದರೆ ತುಳಿಯದೇನೇ ಗಂಟೆಗೆ 58, 59 ಬರುತ್ತದೆ. ಈ ಸಲ ನಾನೂ ಸೂತ್ರಕ್ಕೆ ಹಾಕಿ ನೋಡಿದ್ದೇನೆ. ತಾತನ 120 ವ್ಯಾಟ್‌ಗೂ ಅಷ್ಟೇ ಬರುತ್ತದೆ. ಪುಕ್ಕಟೆ!

ಟಿಟಿ_ತಾತ

ಈ ಸಲ ಗಿರಿ ಲೆಕ್ಕ ಪಕ್ಕಾ. ಒಪ್ಪಿದೆ.

ಬೆಟ್ಟದ_ಹುಡುಗಿ

ಲೆಕ್ಕ ಪಕ್ಕಾ ಇರಬಹುದು, ರಸ್ತೆ ಪಕ್ಕಾ ಇಲ್ಲ. ಟಾಪ್ ಟ್ಯೂಬ್ ಮೇಲೆ ಕೂರುವ ಭಂಗಿಯನ್ನು ಸೈಕ್ಲಿಂಗ್‌ನ ಅಂತಾರಾಷ್ಟ್ರೀಯ ಸಂಸ್ಥೆ ಯುಸಿಐ 2021ರ ಏಪ್ರಿಲ್‌ನಿಂದ ಸ್ಪರ್ಧೆಗಳಲ್ಲಿ ನಿಷೇಧಿಸಿದೆ, ಸುಮ್ನೆ ಅಲ್ಲ. ಹಳ್ಳಿ ರಸ್ತೆಯಲ್ಲಿ 58ರ ವೇಗ, ಏರೋಬಾರ್ ಮೇಲೆ ಕೈ, ಬ್ರೇಕ್ ಒಂದು ಅಡಿ ದೂರ. ನಾನಂತೂ ಡ್ರಾಪ್ ಹಿಡಿದು, ಮೊಣಕೈ ಮಡಚಿ ಬರುತ್ತೇನೆ. ಕಾಲು ಸುಮ್ಮನೆ ತಿರುಗುತ್ತಿದ್ದರೆ ಕೆಳಗೆ ಬಂದಮೇಲೆ ಮರಗಟ್ಟುವುದಿಲ್ಲ ಅಂತಲೂ ನನ್ನ ಅನುಭವ.

ಗೇರ್_ಗಿರಿ

ಮರಗಟ್ಟೋದೆಲ್ಲ ಅವರವರ ಕಾಲು ಮೇಡಂ. ನನಗೆ ನಿಲ್ಲಿಸಿದರೇ ಆರಾಮ.

ಇನ್ನೊಂದು: ಏರಿಗೆ ಏರೋಬಾರ್ ಭಾರ ಅಲ್ವಾ? 2023ರ ಟೂರ್ ಡಿ ಫ್ರಾನ್ಸ್‌ನಲ್ಲಿ ಕಾಂಬ್ಲೂ ಟೈಮ್ ಟ್ರಯಲ್ ದಿನ ಪೊಗಾಚಾರ್ ಏರಿನ ಹತ್ತಿರ ಸೈಕಲ್ಲನ್ನೇ ಬದಲಾಯಿಸಿದ.

ಟಿಟಿ_ತಾತ

ಬದಲಾಯಿಸದೆ ಹೋದ ವಿಂಗೆಗಾರ್ಡ್ ಅವತ್ತು 1 ನಿಮಿಷ 38 ಸೆಕೆಂಡ್ ಮುಂದೆ ಬಂದ. ಸೈಕಲ್ಲಿನಿಂದಲೇ ಗೆದ್ದ ಅಂತ ನಾನು ಹೇಳಲ್ಲ, ಅವನ ಕಾಲು ಅವತ್ತು ಬೇರೇನೇ ಇತ್ತು. ಆ ರಸ್ತೆಯ ಕಡಿದಾದ ಭಾಗವೂ 9 ಪರ್ಸೆಂಟ್ ದಾಟುತ್ತದೆ. ಇಲ್ಲಿರೋದು 5 ಪರ್ಸೆಂಟ್, 3 ಕಿ.ಮೀ. ಏರೋಬಾರ್ ಅರ್ಧ ಕೆ.ಜಿ. ಇದ್ದರೆ ಏರಿನಲ್ಲಿ ಮೂರು ಸೆಕೆಂಡ್ ಹೋಗಬಹುದು. ಸಪಾಟಿನ 20 ಕಿ.ಮೀ.ನಲ್ಲಿ ಅದು ಕೊಡುವುದರ ಮುಂದೆ ಲೆಕ್ಕಕ್ಕಿಲ್ಲ. ಇರಲಿ ಬಿಡಿ.

ಕೋಲಾರದ_ಗಾಲಿ

ಮೇಡಂ ಹೇಳಿದ ಹಾಗೆ ಶನಿವಾರ ಎಂಟು ಗಂಟೆಗೆ 180ರಲ್ಲಿ ಹೋಗಿ ಬಂದೆ. ಹೋಗುವಾಗ ಗಂಟೆಗೆ 28.3, ಬರುವಾಗ 41ರ ಹತ್ತಿರ. ಸೂತ್ರಕ್ಕೆ ಹಾಕಿದರೆ ಗಾಳಿ 3ರ ಹತ್ತಿರವೇ ಬಂತು. ತಾತನ ಅಂದಾಜಿಗೆ ಒಂದು ಸಲಾಂ. ಸ್ಟೆಮ್ ಮೇಲೆ ಬಿಳಿ ಟೇಪ್ ಅಂಟಿಸಿ 225, 245, 120, 212 ಅಂತ ಬರೆದಿದ್ದೇನೆ.

ಕೋಲಾರದ_ಗಾಲಿ (ಮೂರು ವಾರದ ನಂತರ)

ಇವತ್ತು ಬೆಳಗ್ಗೆ ಮುಗಿಯಿತು. 46:20. ಹೋದ ಸಲಕ್ಕಿಂತ 32 ಸೆಕೆಂಡ್ ಬೇಗ, ತಾತನ ಲೆಕ್ಕಕ್ಕಿಂತ 11 ಸೆಕೆಂಡ್ ತಡ.

ಎದುರುಗಾಳಿ 226 ವ್ಯಾಟ್, 19:12. ಎಂಟನೇ ಕಿ.ಮೀ.ನಲ್ಲಿ ಒಬ್ಬ ನನ್ನನ್ನು ದಾಟಿಕೊಂಡು ಹೋದ. ಟೇಪ್ ನೋಡಿದೆ, ಹಲ್ಲು ಕಚ್ಚಿಕೊಂಡೆ, ಬಿಟ್ಟೆ. ಏರಿನಲ್ಲಿ 243, 10:06. ಎರಡನೇ ಕಿಲೋಮೀಟರ್‌ನಲ್ಲಿ ಅದೇ ಮನುಷ್ಯ ಹ್ಯಾಂಡಲ್ ಮೇಲೆ ಬಗ್ಗಿಕೊಂಡು ಸಿಕ್ಕ. ಇಳಿಜಾರು 96, 3:12. ನಡುವೆ ಕುರಿ ಹಿಂಡು ಅಡ್ಡ ಬಂತು, ಪೂರ್ತಿ ಬ್ರೇಕ್. ಡ್ರಾಪ್ ಹಿಡಿದಿದ್ದಕ್ಕೆ ಬಚಾವಾದೆ ಮೇಡಂ. ವಾಪಸ್ 209, 13:50.

ಒಂದು ಮಾತ್ರ ಅರ್ಥವಾಗಲಿಲ್ಲ. ಕೊನೆಯ 3 ಕಿ.ಮೀ. ಬಿಂದಿಗೆ ಖಾಲಿ ಮಾಡೋಣ ಅಂತ 240 ತುಳಿಯಲು ನೋಡಿದೆ, 220 ದಾಟಲೇ ಇಲ್ಲ. ಆದರೆ ಗೆರೆ ದಾಟಿ ಎರಡು ನಿಮಿಷಕ್ಕೆ ಸಲೀಸಾಗಿ ಉಸಿರಾಡುತ್ತಿದ್ದೆ. ನೀರು ಇತ್ತಾ, ಇರಲಿಲ್ವಾ?

ಟಿಟಿ_ತಾತ

ಗಂಟೆಗೆ 44ರಲ್ಲಿ ಏರೋಬಾರ್ ಮೇಲೆ ಬಗ್ಗಿ ತುಳಿಯೋ ಅಭ್ಯಾಸ ಎಷ್ಟಿದೆ? ನಿಮ್ಮ 313 ಮತ್ತು 251 ಯಾವ ಭಂಗಿಯಲ್ಲಿ ತುಳಿದಿದ್ದು?

ಕೋಲಾರದ_ಗಾಲಿ

ಏರಿನಲ್ಲಿ. ಎದ್ದು ಕೂತು.

ಬೆಟ್ಟದ_ಹುಡುಗಿ

ಅದೇ ಇರಬಹುದು. ಬಗ್ಗಿದಾಗ ನನ್ನ ಎಫ್‌ಟಿಪಿ 8 ವ್ಯಾಟ್ ಕಡಿಮೆ ಬರುತ್ತದೆ.

ಗೇರ್_ಗಿರಿ

ಇಲ್ಲ, ಕುರಿಗೆ ಬ್ರೇಕ್ ಹಾಕಿ ಮತ್ತೆ ಎದ್ದು ಎಳೆದಿದ್ದೀರಲ್ಲ, ಅಲ್ಲೇ ಸೋರಿದ್ದು. ಫೈಲ್ ಹಾಕಿ, ನೋಡೋಣ.